ಚುಚ್ಚುಮದ್ದಿನ ನಂತರ ಜ್ವರ: ಮನೆಯಲ್ಲೇ ಆರೈಕೆ ಯಾವಾಗ, ಆಸ್ಪತ್ರೆ ಯಾವಾಗ?

ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಎರಡೂವರೆ ತಿಂಗಳ, ಐದು ಕಿಲೋ ತೂಕದ ಕೂಸೊಂದಿದೆ ಎಂದುಕೊಳ್ಳಿ. ಬೆಳಿಗ್ಗೆ 11 ಗಂಟೆಗೆ ಅದರ ಎಡತೊಡೆಗೆ, ಐದು ರೋಗಗಳನ್ನು ತಡೆಯುವ ಪೆಂಟಾ ಲಸಿಕೆ ಹಾಕಿಸಿದ್ದಾರೆ.

ಚುಚ್ಚಿದ ಕೂಡಲೇ ಮನೆಗೆ ಹೊರಡಬೇಡಿ, ಅರ್ಧ ಗಂಟೆ ಅಲ್ಲೇ ಕುಳಿತಿರಿ. ತುಟಿ, ಮುಖ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ಉಸಿರಾಟಕ್ಕೆ ಕಷ್ಟವಾಗುವುದು ತೀರಾ ಅಪರೂಪ. ಆದರೆ ಹಾಗಾದರೆ ಹೆಚ್ಚಾಗಿ ಈ ಅವಧಿಯಲ್ಲೇ ಆಗುತ್ತದೆ, ಚಿಕಿತ್ಸೆ ಕೊಡುವವರೂ ಅಲ್ಲೇ ಇರುತ್ತಾರೆ.

ಸಂಜೆಯ ಹೊತ್ತಿಗೆ ಮೈ ಬೆಚ್ಚಗಾದರೆ ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ನೋಡಿ. ಕೈಯಿಂದ ಮುಟ್ಟಿ ನೋಡಿದ ಅಂದಾಜು ಸಾಲದು. 101 ಡಿಗ್ರಿ ತೋರಿಸಿದರೂ ಕೂಸು ಹಾಲು ಕುಡಿಯುತ್ತಿದ್ದು, ಎತ್ತಿಕೊಂಡಾಗ ಸಮಾಧಾನವಾಗುತ್ತಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಪೆಂಟಾದಲ್ಲಿರುವ ನಾಯಿಕೆಮ್ಮಿನ ಅಂಶಕ್ಕೆ ದೇಹ ಪ್ರತಿಕ್ರಿಯಿಸುವುದರಿಂದ ಬರುವ ಈ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಚುಚ್ಚಿದ ಜಾಗ ಕೆಂಪಾಗಿ ಊದಿ, ಬಟ್ಟೆ ಬದಲಿಸಲು ಕಾಲೆತ್ತಿದರೆ ಕೂಸು ಚೀರುವುದೂ ಸಹಜ. ಅಲ್ಲಿ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಡಿ. ಉಜ್ಜುವುದು, ಬಿಸಿ ಶಾಖ ಕೊಡುವುದು, ಅರಿಶಿನ ಹಚ್ಚುವುದು ಬೇಡ. ಮಲೆನಾಡಿನ ಚಳಿಗೆ ಹೆದರಿ ಸ್ವೆಟರ್, ಟೋಪಿ, ಕಂಬಳಿಯಲ್ಲಿ ಸುತ್ತಿದರೆ ಜ್ವರ ಇನ್ನೂ ಏರುತ್ತದೆ.

ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿಯ ಮೇಲಿನ ಅಕ್ಷರ ಓದಲೇಬೇಕು. ಈ ಕೂಸಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು 50 ಮಿಲಿಗ್ರಾಂ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್‌ನಲ್ಲಿ ಅದು ಅರ್ಧ ಎಂಎಲ್. ಐದು ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ಎರಡು ಎಂಎಲ್. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಲಸಿಕೆ ಹಾಕಿದ ನರ್ಸ್ ಬಳಿ ಬಾಟಲಿ ತೋರಿಸಿ, ಅಳತೆಯನ್ನು ಕೇಳಿಕೊಂಡೇ ಬನ್ನಿ. ಎರಡು ಡೋಸ್ ನಡುವೆ ಆರು ಗಂಟೆಯಾದರೂ ಇರಲಿ.

ಜ್ವರದ ಅಂಕಿಗಿಂತ ಕೂಸಿನ ಚಹರೆಯೇ ಹೆಚ್ಚು ಹೇಳುತ್ತದೆ. ಫಿಟ್ಸ್ ಬಂದರೆ, ಉಸಿರಿಗೆ ಒದ್ದಾಡಿದರೆ, ಕೈಕಾಲು ಜೋತುಬಿದ್ದು ಮೈ ಬಿಳಿಚಿಕೊಂಡರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಹಾಲು ಮುಟ್ಟದಿದ್ದರೆ, ಏನು ಮಾಡಿದರೂ ಮೂರು ಗಂಟೆಗೂ ಹೆಚ್ಚು ಅಳು ನಿಲ್ಲದಿದ್ದರೆ, ಜ್ವರ 102 ದಾಟಿದರೆ ರಾತ್ರಿಯಾದರೂ ವೈದ್ಯರ ಬಳಿ ಹೋಗಿ. ಮಳೆಗಾಲದಲ್ಲಿ ತೋಟದ ದಾರಿ ಎಷ್ಟು ಹೊತ್ತು ಹಿಡಿಯುತ್ತದೆಂದು ನಿಮಗೇ ಗೊತ್ತು. ಬೆಳಗಾಗಲಿ ಎಂದು ಕಾಯಬೇಡಿ.

ಎರಡು ದಿನ ಕಳೆದ ಮೇಲೂ ಜ್ವರವಿದ್ದರೆ ಅದನ್ನು ಲಸಿಕೆಯ ಲೆಕ್ಕಕ್ಕೆ ಹಾಕಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಅದು ಬೇರೆ ಸೋಂಕಿರಬಹುದು, ಅದೇ ದಿನ ತೋರಿಸಬೇಕು. ತೊಡೆಯ ಕೆಂಪು ಹರಡುತ್ತಾ ಹೋದರೆ, ಕೀವು ಕಂಡರೆ ಕೂಡ ಹಾಗೆಯೇ. ನೋವಿಲ್ಲದ ಸಣ್ಣ ಗಂಟು ಕೆಲವು ವಾರ ಉಳಿದರೆ ಚಿಂತೆಯಿಲ್ಲ.

ಇನ್ನು ತೋಳಿನ ಮಾತು. ಹುಟ್ಟಿದಾಗ ಎಡತೋಳಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿದ ಜಾಗ, ಕೆಲವು ವಾರಗಳ ನಂತರ ಗುಳ್ಳೆಯಾಗಿ ಒಡೆದು ತಾನೇ ಮಾಯುತ್ತದೆ. ಅದಕ್ಕೆ ಮುಲಾಮು ಹಚ್ಚಬೇಡಿ, ಹಿಸುಕಬೇಡಿ. ಕಂಕುಳಲ್ಲಿ ಗಡ್ಡೆ ಬೆಳೆದರೆ ಮಾತ್ರ ತೋರಿಸಿ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಒಯ್ದು, ಲಸಿಕೆ ಹಾಕಿದ ಹೊತ್ತು, ಔಷಧ ಕೊಟ್ಟ ಹೊತ್ತು ಎರಡನ್ನೂ ಹೇಳಿ. ಫಿಟ್ಸ್‌ನಂಥದ್ದೇನಾದರೂ ಆಗಿದ್ದರೆ ಮುಂದಿನ ಡೋಸ್‌ಗೆ ಮೊದಲು ನರ್ಸ್‌ಗೆ ತಿಳಿಸಲೇಬೇಕು.