ಮೆಣಸಿನ ಮೂಟೆ ಕೇಸು: 60 ದಿನವೋ, 90 ದಿನವೋ?

ಡಿಫಾಲ್ಟ್ ಬೇಲ್ ಬಗ್ಗೆ ನಮ್ಮ ಬಾರ್ ರೂಮಿನಲ್ಲಿ ಎಲ್ಲರೂ ಮಾತಾಡುತ್ತಾರೆ. ಗಡುವಿನೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಹಕ್ಕಾಗಿ ಸಿಗುವ ಜಾಮೀನು ಅದು, ಗಡುವು ಕಲಂ ನೋಡಿಕೊಂಡು 60 ಇಲ್ಲವೇ 90 ದಿನ. ಆದರೆ ರಾತ್ರಿ ಮನೆ ಮುರಿದು ಕದ್ದ 331(4) ಕೇಸಿನಲ್ಲಿ 60 ದಿನಕ್ಕೇ ಅರ್ಜಿ ಹಾಕುತ್ತೇನೆ ಅಂದಾಗ ನನ್ನ ಸೀನಿಯರ್ ಸಹಿತ ನಕ್ಕಿದ್ದರು. "ಹದಿನಾಲ್ಕು ವರ್ಷದ ಕಲಂಗೆ ಅರವತ್ತು ದಿನಾನಾ? ಸುಮ್ನೆ ಮರ್ಯಾದೆ ಕಳ್ಕೋಬೇಡ ಮಾರಾಯ" ಅಂದರು. ಆ ಅರ್ಜಿ ಮಂಜೂರಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೇಸು ಚಿಕ್ಕಮಗಳೂರು ಜಿಲ್ಲೆಯ ಒಂದು ಎಸ್ಟೇಟಿನದ್ದು. ರಾತ್ರಿ ಗೋದಾಮಿನ ಬೀಗ ಮುರಿದು ಕಾಳುಮೆಣಸಿನ ಮೂಟೆ ಕದ್ದಿದ್ದಾರೆ ಅಂತ ದೂರು. ಮೂವರು ಆರೋಪಿಗಳು, ನನ್ನವನು ಎ1. ಲೈನ್ ಮನೆಯಲ್ಲಿ ಇದ್ದ ಕೂಲಿ ಆಳು. ಐಪಿಸಿ ಜಾಗಕ್ಕೆ ಬಂದ ಬಿಎನ್ಎಸ್‌ನ 331(4) ಮತ್ತು ಕಳವಿನ ಕಲಂ 305 ಹಾಕಿದ್ದರು. 305ಕ್ಕೆ 7 ವರ್ಷದವರೆಗೆ ಶಿಕ್ಷೆ, ಅದರಲ್ಲಿ ತಕರಾರಿಲ್ಲ. ಗಲಾಟೆ ಇರೋದು 331(4)ರಲ್ಲಿ. ರಾತ್ರಿ ಮನೆ ಮುರಿದರೆ 5 ವರ್ಷದವರೆಗೆ, ಉದ್ದೇಶ ಕಳವಾಗಿದ್ದರೆ 14 ವರ್ಷದವರೆಗೆ. ಹಳೆಯ ಐಪಿಸಿ 457 ಇದ್ದ ಹಾಗೆಯೇ.

ಮಾಮೂಲಿ ಜಾಮೀನು ಅರ್ಜಿ ಮೊದಲು ಕೆಳಗಿನ ಕೋರ್ಟಿನಲ್ಲಿ ಬಿತ್ತು, ಆಮೇಲೆ ಸೆಷನ್ಸ್‌ನಲ್ಲೂ ಬಿತ್ತು. ಮೂಟೆಗಳ ರಿಕವರಿ ಆಗಿತ್ತು, ಆರೋಪಿಗೆ ಸ್ವಂತ ವಿಳಾಸ ಅಂತ ಏನೂ ಇರಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿ ಕಿವಿಯೋಲೆ ಅಡ ಇಟ್ಟಿದ್ದಳು. ನನ್ನ ಫೀಸು 25 ಸಾವಿರ ಅಂತ ಮಾತಾಗಿತ್ತು, ಕೈಗೆ ಬಂದಿದ್ದು ಅರ್ಧಕ್ಕಿಂತ ಕಡಿಮೆ. ಹೈಕೋರ್ಟಿಗೆ ಹೋಗೋಣ ಅನ್ನಲು ನನಗೇ ಬಾಯಿ ಬರಲಿಲ್ಲ.

ಆಗ ಈ ಗಡುವು ಹೇಳುವ ಬಿಎನ್ಎಸ್ಎಸ್ 187(3) ಹಿಡಿದು ಕೂತೆ. ಹಳೆಯ ಸಿಆರ್‌ಪಿಸಿ 167(2)ರಲ್ಲಿ 90 ದಿನಕ್ಕೆ "ಹತ್ತು ವರ್ಷಕ್ಕಿಂತ ಕಡಿಮೆ ಇಲ್ಲದ" ಶಿಕ್ಷೆ ಅಂತಿತ್ತು. ಹೊಸದರಲ್ಲಿ "ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು" ಅಂತಿದೆ. ಸರ್ಕಾರದ ಪರ ವಾದಿಸುವ ಎಪಿಪಿಗಳು ಇದನ್ನೇ ಹಿಡಿದು, ಮೇಲಿನ ಮಿತಿ 10 ದಾಟಿದರೆ ಸಾಕು, 90 ದಿನ ಸಿಗುತ್ತದೆ ಅನ್ನುತ್ತಾರೆ. ಆದರೆ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ ನೋಡಿದ್ದು ಕನಿಷ್ಠ ಶಿಕ್ಷೆಯನ್ನು. ಮರಣದಂಡನೆ, ಜೀವಾವಧಿ, ಇಲ್ಲವೇ ಕನಿಷ್ಠವೇ 10 ವರ್ಷ ಇದ್ದರೆ ಮಾತ್ರ 90. ಹೊಸ ಕಾನೂನಿನ ಮಾತಿಗೂ ಅದೇ ಅರ್ಥ ಅಂತ ನಮ್ಮ ಹೈಕೋರ್ಟ್ 2024ರ ಕೊನೆಗೆ ಹೇಳಿತು. ಅದು 10 ವರ್ಷದವರೆಗೆ ಶಿಕ್ಷೆ ಇರುವ ಕಲಂನ ಕೇಸು, ನನ್ನದು 14ರದ್ದು. ಆದರೆ ತರ್ಕ ಒಂದೇ ಅಲ್ವಾ? 331(4)ಕ್ಕೆ ಕನಿಷ್ಠ ಅಂತ ಏನೂ ಇಲ್ಲ. ಜಡ್ಜ್ ಬೇಕಾದರೆ ಆರು ತಿಂಗಳೂ ಕೊಡಬಹುದು.

ಇನ್ನು ದಿನದ ಲೆಕ್ಕ. ಇಲ್ಲೇ ಜಾಸ್ತಿ ಕೇಸು ಹಾಳಾಗೋದು. ಅರೆಸ್ಟ್ ಆದ ದಿನ ಲೆಕ್ಕಕ್ಕಿಲ್ಲ, ಮೊದಲ ರಿಮಾಂಡ್ ದಿನವೇ ಲೆಕ್ಕ. ಆ ದಿನವನ್ನೂ ಸೇರಿಸಿ ಎಣಿಸಬೇಕು ಅಂತ 2023ರಲ್ಲಿ ಕಪಿಲ್ ವಾಧವಾನ್ ಕೇಸಿನಲ್ಲಿ ಮೂವರು ಜಡ್ಜ್‌ಗಳ ಪೀಠ ತೀರ್ಮಾನ ಮಾಡಿದೆ. ನನ್ನವನ ರಿಮಾಂಡ್ 2025ರ ಜನವರಿ 7ಕ್ಕೆ. ಜನವರಿಯಲ್ಲಿ 25, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 7. ಅಲ್ಲಿಗೆ 60 ಮುಗಿಯಿತು. ಹಕ್ಕು ಹುಟ್ಟೋದು 61ನೇ ದಿನ, ಅಂದರೆ ಮಾರ್ಚ್ 8. ಕ್ಯಾಲೆಂಡರ್ ನೋಡಿದರೆ ಎರಡನೇ ಶನಿವಾರ, ಕೋರ್ಟಿಗೆ ರಜೆ!

ಸೋಮವಾರ ಹಾಕಿದರಾಯಿತು ಅಂತ ಜೊತೆಯವರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಅರ್ಜಿಗಿಂತ ಮೊದಲು ಚಾರ್ಜ್‌ಶೀಟ್ ಒಳಗೆ ಬಂದರೆ ಹಕ್ಕು ಸತ್ತಂತೆ. ಅರ್ಜಿ ಮೊದಲು ಬಿದ್ದಿದ್ದರೆ, ಆಮೇಲೆ ಚಾರ್ಜ್‌ಶೀಟ್ ಬಂದರೂ ಹಕ್ಕು ಉಳಿಯುತ್ತದೆ. 2020ರ ಎಂ. ರವೀಂದ್ರನ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಹಿಂದೆ ಒಂದು ಬೈಕ್ ಕಳವಿನ ಕೇಸಿನಲ್ಲಿ ಹೀಗೇ ಆಗಿತ್ತು. ನಾನು ಅರ್ಜಿ ಹಿಡಿದು ಕೌಂಟರ್ ಮುಂದೆ ಕ್ಯೂನಲ್ಲಿ ನಿಂತಿದ್ದೆ, ಪೇದೆ ಪಕ್ಕದ ಬಾಗಿಲಿಂದ ಚಾರ್ಜ್‌ಶೀಟ್ ಒಳಗೆ ಕೊಟ್ಟು ಹೋದ. ಅವತ್ತು ಎರಡು ತಿಂಗಳ ಕಾಯುವಿಕೆ ನೀರಿಗೆ ಹೋಯಿತು.

ಅದಕ್ಕೆ ಶನಿವಾರವೇ ರಜೆಯ ಇನ್‌ಚಾರ್ಜ್ ಮ್ಯಾಜಿಸ್ಟ್ರೇಟ್ ಮುಂದೆ ಹೋದೆ. ಅರ್ಜಿ ಒಂದೇ ಪುಟ. ರಿಮಾಂಡ್ ದಿನಾಂಕ, 60ನೇ ದಿನ, ಇವತ್ತಿನವರೆಗೆ ಚಾರ್ಜ್‌ಶೀಟ್ ಬಂದಿಲ್ಲ, ಜಾಮೀನು ಕೊಡಲು ಸಿದ್ಧ. ಅಷ್ಟೇ. ಕೇಸಿನ ಗುಣದೋಷ ಒಂದು ಸಾಲೂ ಬರೆಯಲಿಲ್ಲ, ಬರೆದರೆ ಅದು ಮಾಮೂಲಿ ಬೇಲ್ ಆಗಿ ಎಪಿಪಿ ತಕರಾರಿಗೆ ದಾರಿ ಆಗುತ್ತದೆ. ದಿನಾಂಕದ ಜೊತೆಗೆ ಸಮಯವನ್ನೂ ಹಾಕಿಸಿಕೊಂಡೆ. "ಸಮಯ ಯಾಕೆ ವಕೀಲರೇ?" ಅಂತ ಕ್ಲರ್ಕ್ ಗೊಣಗಿದರು. ಎಲ್ಲ ನಿಂತಿರೋದೇ ಆ ಸಮಯದ ಮೇಲೆ. ಬಾಯಿಮಾತಿನ ಕೋರಿಕೆಯೂ ನಡೆಯುತ್ತದೆ ಅಂತ ಬಿಕ್ರಮ್‌ಜಿತ್ ಸಿಂಗ್ ಕೇಸಿನಲ್ಲಿದೆ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಬಾಯಿಮಾತನ್ನು ನಂಬಿಕೊಂಡು ಕೂರಬಾರದು.

ಸುಮ್ನೆ ಒಂದು ಪ್ರಯೋಗ ಅಂತ ಭಾನುವಾರ ಇ-ಫೈಲಿಂಗ್‌ನಲ್ಲೂ ಇನ್ನೊಂದು ಅರ್ಜಿ ಏರಿಸಿದೆ. ರಿಮಾಂಡ್ ದಿನ ಬಿಟ್ಟು ಎಣಿಸಬೇಕು ಅಂತ ಯಾರಾದರೂ ಹಳೇ ತೀರ್ಪು ತೆಗೆದರೆ ಇದು ಕೈಗೆ ಸಿಗಲಿ ಅಂತ. ಎಪಿಪಿ ಹಾಗೇ ವಾದ ಮಾಡಿದರು ಕೂಡ! ಚಾರ್ಜ್‌ಶೀಟ್ ಇನ್ನೂ ಠಾಣೆಯಲ್ಲೇ ಇದೆ ಅಂತ ನನಗೆ ಹೇಗೆ ಗೊತ್ತಾಯಿತು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಇಕೋರ್ಟ್ಸ್‌ನಲ್ಲಿ ಎಫ್ಐಆರ್ ನಂಬರ್ ಹಾಕಿ ನೋಡೋದು ಎಲ್ಲರೂ ಮಾಡುವ ಕೆಲಸ, ಅದೊಂದನ್ನೇ ನಂಬಬೇಡಿ.

ನನಗೆ ಇದ್ದ ಹೆದರಿಕೆ ಬೇರೆ. ಕೊನೇ ವಾರದಲ್ಲಿ ತನಿಖಾಧಿಕಾರಿ ಬಿಎನ್ಎಸ್ ಕಲಂ 111 ಸೇರಿಸುತ್ತಾರಂತೆ ಅಂತ ಸುದ್ದಿ ಇತ್ತು. ಸಂಘಟಿತ ಅಪರಾಧಕ್ಕೆ ಜೀವಾವಧಿವರೆಗೂ ಶಿಕ್ಷೆ ಇದೆ, ಹಾಗಾಗಿ 90 ದಿನ. ಆದರೆ ಅದಕ್ಕೆ ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಇರಬೇಕು. ನನ್ನವನ ಮೇಲೆ ಹಳೇ ಕೇಸೇ ಇರಲಿಲ್ಲ. ಅದನ್ನು ತೋರಿಸುವ ಮೆಮೋ ಮೊದಲೇ ಫೈಲಿಗೆ ಹಾಕಿಸಿದ್ದೆ. ಕಲಂ ಸೇರಲಿಲ್ಲ.

ಸೋಮವಾರ ಬೆಳಗ್ಗೆ ಕೋರ್ಟ್ ಕೂರುವ ಮೊದಲೇ ಚಾರ್ಜ್‌ಶೀಟ್ ಬಂತು. ಎಪಿಪಿ ನಗುತ್ತಾ ಒಳಗೆ ಬಂದರು. ವಾದ ಎರಡು ದಿನ ನಡೆಯಿತು. ಕೊನೆಗೆ 60 ದಿನವೇ ಸರಿ, ಅರ್ಜಿ ಮೊದಲು ಬಂದಿದೆ ಅಂತ ಆದೇಶ ಆಯಿತು. 50 ಸಾವಿರದ ಬಾಂಡ್, ಒಬ್ಬ ಜಾಮೀನುದಾರ.

ಆದೇಶ ಸಿಕ್ಕಿತು ಅಂತ ಆರಾಮಾಗಿ ಕೂರುವ ಹಾಗಿಲ್ಲ. ಹೇಳಿದ ಅವಧಿಯಲ್ಲಿ ಜಾಮೀನು ಕೊಡದೆ ಹೋದರೆ, ಚಾರ್ಜ್‌ಶೀಟ್ ಬಂದಿರುವಾಗ ಈ ಹಕ್ಕೂ ಕೈ ಬಿಡುತ್ತದೆ. ನಾನು ಮೊದಲೇ ಅವನ ಭಾವನನ್ನು ಕಡೂರು ಕಡೆಯಿಂದ ಕರೆಸಿ, ಪಹಣಿ, ಆಧಾರ್, ಫೋಟೊ ರೆಡಿ ಮಾಡಿಸಿದ್ದೆ. ಪಹಣಿಯಲ್ಲಿ ತೀರಿಕೊಂಡ ತಂದೆಯ ಹೆಸರೇ ಇತ್ತು, ಖಾತೆ ಬದಲಾಗಿರಲಿಲ್ಲ. ಅದನ್ನು ವಾರದ ಮೊದಲೇ ನೋಡಿದ್ದರಿಂದ ಬೇರೆ ಜಾಮೀನುದಾರ ಹುಡುಕಲು ಸಮಯ ಸಿಕ್ಕಿತು. ಓಡಾಟ, ಊಟ, ಝೆರಾಕ್ಸ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ನನ್ನ ಜೇಬಿನಿಂದಲೇ ಹೋಯಿತು. ಅದು ವಾಪಸ್ ಬಂದಿಲ್ಲ, ಬರೋದೂ ಇಲ್ಲ ಬಿಡಿ.

ಈ ಬೇಲ್ ಕೊನೆವರೆಗೂ ಗಟ್ಟಿ ಅಂತ ಕಕ್ಷಿದಾರರಿಗೆ ಹೇಳಬೇಡಿ. ಚಾರ್ಜ್‌ಶೀಟಿನಲ್ಲಿ ಬಲವಾದ ಕೇಸು ಕಂಡರೆ ರದ್ದು ಕೇಳಬಹುದು ಅಂತ 2023ರ ಗಂಗಿ ರೆಡ್ಡಿ ತೀರ್ಪು ಹೇಳಿದೆ. ನಮ್ಮ ಕೇಸಿನಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಎ2ಗೂ ರಿಮಾಂಡ್ ಅದೇ ದಿನ, ಕಲಂ ಅವೇ, ದಿನದ ಲೆಕ್ಕವೂ ಅದೇ. ಅವನ ವಕೀಲರು ಸೋಮವಾರ ಮಧ್ಯಾಹ್ನ ಅರ್ಜಿ ಹಾಕಿದರು. ವಜಾ ಆಯಿತು. ಅವನು ಮಾಮೂಲಿ ಬೇಲ್ ಮೇಲೆ ಹೊರಗೆ ಬಂದಿದ್ದು ಕಾಫಿ ಹೂ ಮಳೆ ಎಲ್ಲ ಮುಗಿದ ಮೇಲೆ.