ಆರು ತಿಂಗಳಲ್ಲಿ ಹುಡುಗಿಯ ಕಾಲು ಗಿಡ್ಡಾದದ್ದು ಹೇಗೆ?

ಇಳಕಲ್ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಮಕ್ಕಳ ಬೆಳವಣಿಗೆ ಅಳೆಯುತ್ತಿದ್ದಾಗಿನ ಮಾತು. ಆರು ತಿಂಗಳಿಗೊಮ್ಮೆ ಹೋಗಿ ಪ್ರತಿ ಮಗುವಿನ ಎರಡು ಅಳತೆ ತೆಗೆದುಕೊಳ್ಳುತ್ತಿದ್ದೆ. ಒಂದು ನಿಂತ ಎತ್ತರ, ಇನ್ನೊಂದು ಕುಳಿತ ಎತ್ತರ. ನಿಂತದ್ದರಲ್ಲಿ ಕುಳಿತದ್ದನ್ನು ಕಳೆದರೆ ಕಾಲಿನ ಉದ್ದ. ಕುಳಿತದ್ದನ್ನು ನಿಂತದ್ದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅನುಪಾತ.

ಹುಟ್ಟಿದ ಕೂಸಿನಲ್ಲಿ ತಲೆ ಮತ್ತು ಮುಂಡವೇ ಮೈಯ ಮೂರರಲ್ಲಿ ಎರಡು ಪಾಲು. ಆಮೇಲೆ ಕಾಲು ಬೇಗ ಬೆಳೆಯುತ್ತದೆ, ಅನುಪಾತ ಇಳಿಯುತ್ತಾ ಬಂದು ಹರೆಯದ ಹೊತ್ತಿಗೆ 52ರ ಆಸುಪಾಸು ನಿಲ್ಲುತ್ತದೆ. ಕೊನೆಗೆ ಬೆನ್ನು ಬೆಳೆದು ಮತ್ತೆ ಸ್ವಲ್ಪ ಏರುತ್ತದೆ. ಚಿಕ್ಕಂದಿನಲ್ಲಿ ಊಟ ಸಾಲದಿದ್ದರೆ, ಪದೇಪದೇ ಕಾಯಿಲೆ ಬಿದ್ದರೆ, ಹೊಡೆತ ಹೆಚ್ಚಾಗಿ ಬೀಳುವುದು ಕಾಲಿಗೇ. ಅದಕ್ಕೇ ಬರೀ ಎತ್ತರ ಸಾಲದು ಅಂತ ಈ ಅಳತೆ ಹಿಡಿದಿದ್ದೆ.

ಎರಡನೇ ಸುತ್ತು ಮುಗಿಸಿ ರಾತ್ರಿ ಲೆಕ್ಕ ಹಾಕುತ್ತಾ ಕುಳಿತಾಗ ಏಳನೇ ಇಯತ್ತೆಯ ಒಬ್ಬ ಹುಡುಗಿಯ ಸಾಲಿನಲ್ಲಿ ಕಣ್ಣು ನಿಂತಿತು. ಮೊದಲ ಸಲ ನಿಂತ ಎತ್ತರ 138.2 ಸೆಂಟಿಮೀಟರ್, ಕುಳಿತದ್ದು 70.1. ಕಾಲು 68.1, ಅನುಪಾತ 50.7. ಈ ಸಲ ನಿಂತದ್ದು 140.6, ಕುಳಿತದ್ದು 73.6. ಕಾಲು 67.0, ಅನುಪಾತ 52.3. ಹುಡುಗಿ ಎತ್ತರವಾಗಿದ್ದಾಳೆ, ಆದರೆ ಕಾಲು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡಾಗಿದೆ! ಹರೆಯದಲ್ಲಿ ಅನುಪಾತ ಏರಬಹುದು, ಸರಿ. ಕಾಲು ಮಾತ್ರ ಕುಗ್ಗುವುದಿಲ್ಲ, ಅಲ್ವಾ?

ಮೊದಲು ಬರೆದುಕೊಂಡದ್ದೇ ತಪ್ಪಿರಬೇಕು ಅಂದುಕೊಂಡೆ. ಆದರೆ ಹಾಳೆ ತಿರುವಿದಂತೆ ಆರನೇ, ಏಳನೇ ಇಯತ್ತೆಯಲ್ಲಿ ಇಂಥ ಮಕ್ಕಳು ಇನ್ನೂ ಸಿಕ್ಕರು. ಮೂರನೇ ಇಯತ್ತೆಯಲ್ಲಿ ಒಬ್ಬರೂ ಇಲ್ಲ. ಕೈತಪ್ಪಾಗಿದ್ದರೆ ಎಲ್ಲ ಕಡೆ ಚೆಲ್ಲಿರಬೇಕಿತ್ತು. ಬರೀ ಉದ್ದದ ಮಕ್ಕಳಲ್ಲೇ ಯಾಕೆ?

ಆಗ ನೆನಪಾದದ್ದು ಮಕ್ಕಳನ್ನು ಕೂಡಿಸಿದ್ದ ಬೆಂಚು. ಮೊದಲ ಸಲ ಮಕ್ಕಳನ್ನು ಕೂಡಿಸುವ ನಮ್ಮ ಪೆಟ್ಟಿಗೆ ಬಂದಿರಲಿಲ್ಲ. ತರಗತಿಯಲ್ಲೇ ಇದ್ದ 28 ಸೆಂಟಿಮೀಟರ್ ಎತ್ತರದ ಗಿಡ್ಡ ಬೆಂಚಿನ ಮೇಲೆ ಕೂಡಿಸಿ, ಬೆಂಚಿನ ಎತ್ತರ ಕಳೆದಿದ್ದೆ. ಲೆಕ್ಕವೇನೋ ಸರಿ. ಎರಡನೇ ಸಲಕ್ಕೆ ಬಡಿಗೇರ ಕಾಕಾ 45 ಸೆಂಟಿಮೀಟರಿನ ಪೆಟ್ಟಿಗೆ ಮಾಡಿಕೊಟ್ಟಿದ್ದರು. ಪಾದದ ಕೆಳಗೆ ಇಡಲು ತೆಳುವಾದ ಹಲಗೆಗಳೂ ಇದ್ದವು. ಕೆಳಗೆ ಹಾಸಲು ಊರಿನವರೇ ಕೊಟ್ಟ ಕೆಂಪು ಗ್ರಾನೈಟ್ ತುಂಡು. ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತಿತ್ತು. (ಇಳಕಲ್‌ನಲ್ಲಿ ಕಲ್ಲಿಗೇನು ಬರ!)

ಮರುದಿನ ಆ ಹುಡುಗಿಯನ್ನು ಎರಡರ ಮೇಲೂ ಕೂಡಿಸಿದೆ. ಪೆಟ್ಟಿಗೆಯ ಮೇಲೆ 73.6, ಬೆಂಚಿನ ಮೇಲೆ 71.3. ಹತ್ತು ನಿಮಿಷದ ಅಂತರದಲ್ಲಿ 2.3 ಸೆಂಟಿಮೀಟರ್ ಮಾಯ. ಪಕ್ಕದಿಂದ ನೋಡಿದಾಗ ಗುಟ್ಟು ತಿಳಿಯಿತು. ಬೆಂಚು ಗಿಡ್ಡ, ಅವಳ ಮೊಣಕಾಲು ತೊಡೆಯ ಬುಡಕ್ಕಿಂತ ಮೇಲೆ ಬರುತ್ತಿತ್ತು. ಆಗ ಸೊಂಟದ ಎಲುಬು ಹಿಂದಕ್ಕೆ ಹೊರಳಿ ಬೆನ್ನು ಕೆಳಗಡೆಯೇ ಬಾಗುತ್ತದೆ. ತಲೆ, ಭುಜ ನೆಟ್ಟಗೇ ಇರುವುದರಿಂದ ಎದುರಿಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಮೂರನೇ ಇಯತ್ತೆಯ ಮಕ್ಕಳ ಕಾಲಿಗೆ ಆ ಬೆಂಚು ಹೆಚ್ಚೂಕಡಿಮೆ ಸರಿಯಿತ್ತು.

"ಅಕ್ಕೋರ, ನಾ ನೆಟ್ಟಗ ಕುಂತಿದ್ನಲ್ರೀ," ಅಂದಳು. ಹೌದು, ಅವಳ ತಪ್ಪೇನಿರಲಿಲ್ಲ.

ಕಳೆದ 2.3ನ್ನು ಹಳೆಯ ಅಳತೆಗೆ ಕೂಡಿಸಿದರೆ ಕುಳಿತದ್ದು 72.4, ಕಾಲು 65.8 ಆಗುತ್ತದೆ. ಅಂದರೆ ಆರು ತಿಂಗಳಲ್ಲಿ ಕಾಲು 1.2 ಬೆಳೆದಿದೆ, ಮೇಲಿನ ಅರ್ಧವೂ 1.2. ಅನುಪಾತ 52.4ರಿಂದ 52.3, ಬಹುತೇಕ ಅಲ್ಲೇ ಇದೆ. ನಾನು ಕಂಡ ಏರಿಕೆಯೆಲ್ಲ ಬೆಂಚಿನದು. 140 ಸೆಂಟಿಮೀಟರಿನ ಮಗುವಿನಲ್ಲಿ ಕುಳಿತ ಎತ್ತರ ಒಂದು ಸೆಂಟಿಮೀಟರ್ ತಪ್ಪಿದರೆ ಅನುಪಾತ 0.7ರಷ್ಟು ಜರುಗುತ್ತದೆ. ಕಾಲಿನ ಉದ್ದ ಕಳೆಯುವುದರಿಂದ ಬರುವುದು, ಹಾಗಾಗಿ ಎರಡೂ ಅಳತೆಗಳ ತಪ್ಪು ಅದರ ತಲೆಯ ಮೇಲೇ ಕೂರುತ್ತದೆ. ಇನ್ನೂ ಕೆಟ್ಟದ್ದೆಂದರೆ ಈ ತಪ್ಪು ಉದ್ದದ ಮಕ್ಕಳ ಕಾಲನ್ನು ಇನ್ನೂ ಉದ್ದ ತೋರಿಸುತ್ತದೆ. ಸುಮ್ನೆ ಬಿಟ್ಟಿದ್ದರೆ "ಎತ್ತರದ ಮಕ್ಕಳಿಗೆ ಕಾಲೇ ಉದ್ದ" ಅಂತ ಬರೆದುಬಿಡುತ್ತಿದ್ದೆ.

ಎಲ್ಲರಿಗೂ 2.3 ಕೂಡಿಸೋಣವೇ? ಆಸೆಯಾಯಿತು. ಇನ್ನೂ ಕೆಲವರನ್ನು ಎರಡರ ಮೇಲೂ ಕೂಡಿಸಿ ನೋಡಿದರೆ ಒಬ್ಬರಿಗೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ, ಇನ್ನೊಬ್ಬರಿಗೆ ಎರಡಕ್ಕಿಂತ ಜಾಸ್ತಿ. ಹಾಗಾಗಿ ಮೇಲಿನ ಇಯತ್ತೆಗಳ ಮೊದಲ ಸುತ್ತಿನ ಕುಳಿತ ಎತ್ತರವನ್ನು ಪೂರಾ ಕೈಬಿಟ್ಟೆ. ನಿಂತ ಎತ್ತರ ಉಳಿಯಿತು.

ಈಗ ಇಬ್ಬರು ಇರುತ್ತೇವೆ. ಒಬ್ಬರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ತೊಡೆ ಸಪಾಟಾಗಿದೆಯೇ, ಸೊಂಟದ ಹಿಂಭಾಗ ಅಳತೆಯ ಕಂಬಕ್ಕೆ ತಾಗಿದೆಯೇ ನೋಡುತ್ತಾರೆ. ಇನ್ನೊಬ್ಬರು ಕಣ್ಣಿನ ಗೂಡಿನ ಕೆಳಅಂಚು ಮತ್ತು ಕಿವಿಯ ತೂತಿನ ಮೇಲಂಚು ಒಂದೇ ಮಟ್ಟಕ್ಕೆ ಬರುವಂತೆ ತಲೆ ಹಿಡಿಯುತ್ತಾರೆ. ಉಸಿರು ಎಳೆದುಕೊಳ್ಳಲು ಹೇಳಿ ಅಳತೆ ಓದುತ್ತೇವೆ. ಮಗುವನ್ನು ಎಬ್ಬಿಸಿ, ಮತ್ತೆ ಕೂಡಿಸಿ, ಇನ್ನೊಮ್ಮೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಬೆನ್ನು ತುಸು ಕುಗ್ಗುವುದರಿಂದ ಎರಡೂ ಸುತ್ತು ಪ್ರಾರ್ಥನೆ ಮುಗಿದ ಕೂಡಲೇ. ಕಾಲಿನ ಉದ್ದವನ್ನು ಅಲ್ಲೇ ಲೆಕ್ಕ ಹಾಕಿ ಹಿಂದಿನದಕ್ಕೆ ಹೋಲಿಸುತ್ತೇನೆ. ಕಡಿಮೆ ಬಂತೋ, ಮಗುವನ್ನು ಕ್ಲಾಸಿಗೆ ಕಳಿಸುವುದಿಲ್ಲ.