ಸರ್ವಿಸ್ ಮೆಸೇಜ್ ಬಂತಾ? ಟೆಕ್ನಿಷಿಯನ್ ಬರುವ ಮೊದಲು ಎರಡು ಲೋಟ ನೀರು ಅಳೆದಿಡಿ

‘ನಿಮ್ಮ ವಾಟರ್ ಪ್ಯೂರಿಫೈಯರ್‌ನ ವಾರ್ಷಿಕ ಸರ್ವಿಸ್ ಬಾಕಿ ಇದೆ. ಶನಿವಾರ ಬೆಳಿಗ್ಗೆ 10ರಿಂದ 1ರ ಒಳಗೆ ನಮ್ಮ ಟೆಕ್ನಿಷಿಯನ್ ಬರುತ್ತಾರೆ.’ ಇಂಥ ಮೆಸೇಜ್ ಬಂದ ಕೂಡಲೇ ಸರಿ ಅಂದುಬಿಡಬೇಡಿ. ಅದರಲ್ಲಿರುವ ನಂಬರ್‌ಗೂ ಫೋನ್ ಮಾಡಬೇಡಿ. ಮಷೀನ್ ಕೊಂಡಾಗ ಕೊಟ್ಟ ವಾರಂಟಿ ಕಾರ್ಡ್ ತೆಗೆದು, ಅದರಲ್ಲಿರುವ ನಂಬರ್‌ಗೆ ಮಾಡಿ ಕೇಳಿ. ಯಾರದೋ ಹಳೇ ಲಿಸ್ಟ್ ಹಿಡಿದು ಫೋನ್ ಮಾಡುವವರೂ ಇದ್ದಾರೆ, ಅವರ ಹತ್ತಿರ ನಿಮ್ಮ ಸರ್ವಿಸ್ ಕಾಂಟ್ರಾಕ್ಟ್‌ನ ವಿವರ ಇರುವುದಿಲ್ಲ.

ಆಮೇಲೆ ಆ 10ರಿಂದ 1ರ ಬಗ್ಗೆ ಯೋಚಿಸಿ. ಆ ಹೊತ್ತಿನಲ್ಲಿ ಕರೆಂಟ್ ಇರಬೇಕು, ಓವರ್‌ಹೆಡ್ ಟ್ಯಾಂಕ್‌ನಲ್ಲಿ ನೀರೂ ಇರಬೇಕು. ಇಲ್ಲದಿದ್ದರೆ ಬಂದವರು ಫಿಲ್ಟರ್ ಬದಲಿಸಿ ಹೋಗಬಹುದೇ ಹೊರತು ಮಷೀನ್ ಓಡಿಸಿ ತೋರಿಸಲು ಆಗುವುದಿಲ್ಲ. ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವುದು ಹೆಚ್ಚಾಗಿ ಹಗಲಲ್ಲೇ, ಹಾಗಾಗಿ ಹಿಂದಿನ ದಿನ ಬೆಸ್ಕಾಂ ಪ್ರಕಟಣೆಯಲ್ಲಿ ನಿಮ್ಮ ಬಡಾವಣೆ ಇದೆಯಾ ಅಂತ ನೋಡಿ, ಇದ್ದರೆ ಬೇರೆ ಹೊತ್ತು ಕೇಳಿ. ಸರ್ವಿಸ್‌ನಲ್ಲಿ ಮಷೀನ್‌ನ ಟ್ಯಾಂಕ್ ತೊಳೆಯುವಾಗ ಒಳಗಿನ ನೀರೆಲ್ಲ ಹೋಗುತ್ತದೆ, ರಾತ್ರಿಯೇ ಒಂದು ಬಿಂದಿಗೆ ಕುಡಿಯುವ ನೀರು ಹಿಡಿದಿಟ್ಟುಕೊಳ್ಳಿ.

ಈಗ ಮುಖ್ಯವಾದ ಕೆಲಸ. ಮಷೀನ್ ಆರ್‌ಒ ಆಗಿದ್ದರೆ, ಅಂದರೆ ಮೆಂಬ್ರೇನ್ ಎಂಬ ತೆಳು ಪೊರೆಯಿಂದ ಲವಣ ಸೋಸುವಂಥದ್ದಾಗಿದ್ದರೆ, ಒಂದು ಟಿಡಿಎಸ್ ಮೀಟರ್ ತಂದಿಟ್ಟುಕೊಳ್ಳಿ. ಪೆನ್ನಿನಷ್ಟು ಉದ್ದದ ಈ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಹೇಳುತ್ತದೆ. ಒಂದು ಲೋಟದಲ್ಲಿ ಅಡುಗೆಮನೆ ನಲ್ಲಿಯ ನೀರು, ಇನ್ನೊಂದರಲ್ಲಿ ಪ್ಯೂರಿಫೈಯರ್ ನೀರು ಹಿಡಿದು ಎರಡನ್ನೂ ಅಳೆಯಿರಿ. ರಾತ್ರಿಯಿಡೀ ನಿಂತಿದ್ದ ಮಷೀನ್‌ನಿಂದ ಬರುವ ಮೊದಲ ನೀರು ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅದಕ್ಕೇ ಒಂದಷ್ಟು ಹೊತ್ತು ಓಡಿದ ಮೇಲೆ ಹಿಡಿಯಿರಿ.

ನಮ್ಮ ಮನೆಯದ್ದೇ ಹೇಳುತ್ತೇನೆ. ಬೋರ್‌ವೆಲ್ ನೀರು 780 ತೋರಿಸಿತು, ಪ್ಯೂರಿಫೈಯರ್ ನೀರು 62. ಅಂದರೆ ನೂರಕ್ಕೆ 92 ಭಾಗ ಲವಣವನ್ನು ಮೆಂಬ್ರೇನ್ ತಡೆಯುತ್ತಿತ್ತು. ಬಂದವರು ಮಷೀನ್ ತೆರೆಯುವ ಮೊದಲೇ ‘ಮೆಂಬ್ರೇನ್ ಹೋಗಿದೆ ಮೇಡಂ, ಬದಲಿಸಬೇಕು’ ಅಂದರು. ಎರಡು ಲೋಟ ಮುಂದಿಟ್ಟು ಅಳೆದು ತೋರಿಸಿದೆ, ಆ ಮಾತು ಅಲ್ಲಿಗೇ ನಿಂತಿತು. ಎರಡು ವರ್ಷ ಬಿಟ್ಟು ಅಳೆದಾಗ ನಲ್ಲಿ ನೀರು 810, ಶುದ್ಧ ನೀರು 240. ತಡೆಯುತ್ತಿದ್ದದ್ದು ನೂರಕ್ಕೆ 70 ಮಾತ್ರ. ಆಗ ನಾನೇ ಕೇಳಿ ಬದಲಿಸಿಕೊಂಡೆ. ನಿಮ್ಮ ಮಷೀನ್‌ನಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಮಾತ್ರ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಅದು ರುಚಿಗಾಗಿ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೇಕಂತಲೇ ಸೇರಿಸುತ್ತದೆ. ಅದನ್ನು ಮುಚ್ಚಿಸಿ ಅಳೆಯಲು ಟೆಕ್ನಿಷಿಯನ್‌ಗೇ ಹೇಳಿ.

ಮೀಟರ್‌ನಲ್ಲಿ ನಂಬರ್ ಚೆನ್ನಾಗಿದೆ ಅಂತ ಸರ್ವಿಸ್ಸೇ ಬೇಡ ಅನ್ನಬೇಡಿ. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಮೀಟರ್‌ಗೆ ಗೊತ್ತಾಗುವುದಿಲ್ಲ. ಕಾರ್ಬನ್ ಫಿಲ್ಟರ್ ಸವೆದಿರುವುದೂ ಗೊತ್ತಾಗುವುದಿಲ್ಲ. ಕಾವೇರಿ ನೀರಿಗೆ ಹಾಕುವ ಕ್ಲೋರಿನ್ ಹೀರಿಕೊಳ್ಳುವುದು ಈ ಕಾರ್ಬನ್ನೇ. ಅದು ಕೈಕೊಟ್ಟರೆ ಕ್ಲೋರಿನ್ ನೇರವಾಗಿ ಮೆಂಬ್ರೇನ್ ತಲುಪಿ ಅದನ್ನು ಹಾಳು ಮಾಡುತ್ತದೆ. ಅಗ್ಗದ ಫಿಲ್ಟರ್ ಉಳಿಸಲು ಹೋಗಿ ದುಬಾರಿ ಮೆಂಬ್ರೇನ್ ಕಳೆದುಕೊಂಡ ಹಾಗೆ ಆಗುತ್ತದೆ, ಅಲ್ವಾ? ಇನ್ನು ನೀರು ಸಣ್ಣಗೆ ಬರುತ್ತಿದೆ, ಆದರೆ ಟಿಡಿಎಸ್ ಸರಿಯಾಗಿದೆ ಅಂದರೆ ಮೊದಲು ಮಣ್ಣು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ನೋಡಿಸಿ. ನಮ್ಮದು ಬಿಳಿಯಿದ್ದದ್ದು ವರ್ಷದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಲೋಳೆಯಂತೆ ಜಾರುತ್ತಿತ್ತು.

ಒಂದು ವಿಷಯದಲ್ಲಿ ದಯವಿಟ್ಟು ಹೆದರಬೇಡಿ. ಕೆಲವರು ಎರಡು ಲೋಟಕ್ಕೆ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಹಾಯಿಸುತ್ತಾರೆ. ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಕೊಳಕು ತೇಲುತ್ತದೆ, ಆರ್‌ಒ ನೀರು ತಿಳಿಯಾಗೇ ಇರುತ್ತದೆ. ಅದು ನೀರಿನ ಕೊಳೆ ಅಲ್ಲ, ಆ ಕಬ್ಬಿಣದ ಕಡ್ಡಿಯೇ ಕರಗಿ ಬಂದ ತುಕ್ಕು. ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಅಷ್ಟೇ.

ಕೆಲಸ ಮುಗಿದ ಮೇಲೆ ಹಳೇ ಫಿಲ್ಟರ್‌ಗಳನ್ನು ನಿಮ್ಮ ಎದುರಿಗೇ ಇಡಿಸಿಕೊಳ್ಳಿ. ಮಷೀನ್ ಹತ್ತು ನಿಮಿಷ ಓಡಿಸಿ, ಜಾಯಿಂಟ್‌ಗಳ ಕೆಳಗೆ ಒಣ ಬಟ್ಟೆ ಹಿಡಿದು ಸೋರುತ್ತಿದೆಯಾ ನೋಡಿ, ಮತ್ತೆ ಎರಡು ಲೋಟ ಅಳೆಯಿರಿ. ಸರ್ವಿಸ್ ಮುಗಿಯಿತು ಅನ್ನುವ ಓಟಿಪಿ ಕೇಳಿದರೆ ಇದೆಲ್ಲ ಆದ ಮೇಲೇ ಕೊಡಿ. ಹೊಸ ಕಾರ್ಬನ್‌ನಿಂದ ಕಪ್ಪು ಪುಡಿ ಬರಬಹುದು, ಹಾಗಾಗಿ ಮೊದಲ ಟ್ಯಾಂಕ್ ನೀರು ಕುಡಿಯಬೇಡಿ, ನೆಲ ಒರೆಸಲು ಬಳಸಿ. ತಾರೀಖು, ಬದಲಿಸಿದ ಭಾಗ, ಆ ಎರಡು ನಂಬರ್ ಇವನ್ನು ಒಂದು ಚೀಟಿಯಲ್ಲಿ ಬರೆದು ಮಷೀನ್ ಪಕ್ಕಕ್ಕೆ ಅಂಟಿಸಿಬಿಡಿ.